ಯೋಗ ಮ್ಯಾಟಿಗೆ ಮೂರು ಫೋಟೊ

ಅರಕಲಗೂಡಿನಲ್ಲಿರುವ ಮಗಳು ಫೋನ್ ಮಾಡಿ, “ಅಪ್ಪಾ, ನಿಮ್ಮ ಯೋಗ ಮ್ಯಾಟಿನ ಫೋಟೊ ಕಳಿಸಿ, ನಾನೂ ಅಂಥದ್ದೇ ಕೊಳ್ಳುತ್ತೇನೆ” ಎಂದಳು. ರಜೆಗೆ ಹೊಳೆನರಸೀಪುರಕ್ಕೆ ಬಂದಿದ್ದ ಮೊಮ್ಮಗಳು ತಕ್ಷಣ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದಳು. ನೋಡಿದರೆ ಬರೀ ನೀಲಿ ಹಾಳೆ!

“ತಾತ, ಗೆರೆಗಳೇ ಕಾಣ್ತಿಲ್ಲ” ಎಂದಳು. ಎದುರಿನಿಂದ ಬೆಳಕು ಬಿದ್ದರೆ ಉಬ್ಬುತಗ್ಗುಗಳ ನೆರಳು ಬೀಳುವುದಿಲ್ಲ. ಮ್ಯಾಟನ್ನು ಬಾಗಿಲ ಬಳಿಗೆ ಎಳೆದು, ಫ್ಲ್ಯಾಶ್ ಆರಿಸಿ, ಓರೆಯಾಗಿ ಬರುತ್ತಿದ್ದ ಬೆಳಗಿನ ಬಿಸಿಲಲ್ಲಿ ಮತ್ತೆ ತೆಗೆದೆವು. ಅಲೆಯಲೆಯಾದ ಗೆರೆಗಳು ಎದ್ದು ಕಂಡವು. ಮಗ್ಗುಲಲ್ಲಿ ಒಂದಡಿಯ ಸ್ಕೇಲ್ ಇಟ್ಟಿದ್ದರಿಂದ ಅಗಲ ಎರಡಡಿ, ಉದ್ದ ಆರಡಿ ಎಂಬುದೂ ತಿಳಿಯಿತು.

ಈ ಗೆರೆಗಳಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಮೊದಲು ನಾನು ರೆಡ್ ಆಕ್ಸೈಡ್ ನೆಲದ ಮೇಲೆ ಜಮಖಾನೆ ಹಾಸಿಕೊಳ್ಳುತ್ತಿದ್ದೆ. ಒಂದು ದಿನ ಕಾಲು ಅಗಲಿಸಿ ನಿಂತಾಗ ಜಮಖಾನೆಯೇ ಜಾರಿತು. ಹದಿನೈದು ದಿನ ಸೊಂಟ ಹಿಡಿದುಕೊಂಡು ಓಡಾಡಿದೆ. ಹಾಸನದ ಪಕ್ಕದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಅಷ್ಟಾಂಗ ಯೋಗ ಕಲಿಸಿದ ಪಟ್ಟಾಭಿ ಜೋಯಿಸರ ಪರಂಪರೆಯವರು ಇಂದಿಗೂ ಹತ್ತಿಯ ಹಾಸು ಬಳಸುತ್ತಾರೆ. ಆದರೆ ಅದನ್ನು ರಬ್ಬರ್ ಮ್ಯಾಟಿನ ಮೇಲೆ ಹಾಸುತ್ತಾರೆ. ಹತ್ತಿ ಬೆವರು ಹೀರುತ್ತದೆ, ಕೆಳಗಿನ ಮ್ಯಾಟ್ ನೆಲ ಹಿಡಿಯುತ್ತದೆ. ಆ ಹಿಡಿತಕ್ಕೂ ನೆಲ ಒಣಗಿರಬೇಕು. ಒರೆಸಿದ ಒದ್ದೆ ಆರದಿದ್ದರೆ, ಇಲ್ಲವೇ ಗೆರೆಗಳಲ್ಲಿ ಧೂಳು ಕೂತರೆ ಎಂಥ ಮ್ಯಾಟೂ ಜಾರುತ್ತದೆ.

ಎರಡನೇ ಫೋಟೊ ಸುತ್ತಿದ ಮ್ಯಾಟಿನದು. ಅದರ ತುದಿ ಬಸವನಹುಳುವಿನ ಚಿಪ್ಪಿನಂತೆ ಕಾಣುತ್ತದೆ. ಮೊಮ್ಮಗಳು ನಡುವಿನಿಂದ ಅಂಚಿನವರೆಗೆ ಸುತ್ತುಗಳನ್ನು ಎಣಿಸಿದಳು: ಹತ್ತು. ಸ್ಕೇಲ್ ಇಟ್ಟು ಅಳೆದರೆ ಆರು ಸೆಂಟಿಮೀಟರ್. ಅರವತ್ತು ಮಿಲಿಮೀಟರನ್ನು ಹತ್ತರಿಂದ ಭಾಗಿಸಿದರೆ ದಪ್ಪ ಆರು ಮಿಲಿಮೀಟರ್! ಬಿಗಿಯಾಗಿ ಸುತ್ತಿದ್ದರೆ ಮಾತ್ರ ಈ ಲೆಕ್ಕ ಸರಿಬರುತ್ತದೆ.

ಸುತ್ತುವಾಗ ನಾವು ಕಾಲಿಡುವ ಮೇಲ್ಮೈ ಹೊರಗೆ ಬರಬೇಕು. ಹಾಗಾದರೆ ಬಿಚ್ಚಿದಾಗ ತುದಿಗಳು ನೆಲದ ಕಡೆಗೇ ಬಾಗುತ್ತವೆ. ಒಳಗಾಗಿ ಸುತ್ತಿದರೆ ಮೇಲಕ್ಕೆ ಮುದುರಿಕೊಂಡು ಕಾಲಿಗೆ ತೊಡರುತ್ತವೆ. ನಮ್ಮ ಮನೆಯಾಕೆ ಹಾಗೆಯೇ ಸುತ್ತಿಡುತ್ತಾಳೆ, ಹೇಳಿ ಸಾಕಾಗಿದೆ.

ಎರಡು ಫೋಟೊ ಹೋದ ಮೇಲೆ ಮಗಳ ಫೋನ್ ಬಂತು. “ಎಲ್ಲಿ ಹಾಸ್ತೀರಿ ಅಪ್ಪಾ? ಗೋಡೆ ಹತ್ತಿರ ಇದೆಯಾ?”

ಒಳ್ಳೆಯ ಪ್ರಶ್ನೆ. ಮೂರನೆಯದರಲ್ಲಿ ಇಡೀ ಕೋಣೆ ಬರುವಂತೆ ತೆಗೆದೆವು. ಗೋಡೆ ಕೈಗೆಟುಕುವಷ್ಟು ಹತ್ತಿರ, ಟೀಪಾಯಿಯ ಮೂಲೆ ದೂರ. ವೃಕ್ಷಾಸನದಲ್ಲಿ ಒಂಟಿ ಕಾಲಲ್ಲಿ ನಿಂತಾಗ ನನಗೆ ಆ ಗೋಡೆ ಬೇಕು. ದಪ್ಪನೆಯ ಮೆತ್ತನೆ ಮ್ಯಾಟ್ ಮಂಡಿಗೆ ಹಿತ, ಆದರೆ ಅದರ ಮೇಲೆ ನಿಂತರೆ ಪಾದ ಕುಸಿದು ಮೈ ಓಲಾಡುತ್ತದೆ.

ಮಗಳು ಕೊನೆಗೆ ನಾಲ್ಕು ಮಿಲಿಮೀಟರಿನದನ್ನೇ ಕೊಂಡಳು. ಮಂಡಿಯೂರುವಾಗ ಕೆಳಗೆ ಟವೆಲ್ ಮಡಿಸಿ ಇಟ್ಟುಕೊಳ್ಳುತ್ತಾಳಂತೆ.