ಉರುಳುವುದೋ, ಜಾರುವುದೋ?

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಸುತ್ತಲಿನ ದಾರಿಗಳಲ್ಲೆಲ್ಲ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾಣುತ್ತವೆ. ಹೊಲದಿಂದ ರಸ್ತೆಗೆ ಏರುವಾಗ ಟ್ರೇಲರಿನ ಒಂದು ಬದಿಯ ಗಾಲಿ ಮೇಲಿದ್ದು ಇನ್ನೊಂದು ಬದಿಯದು ತಗ್ಗಿಗಿಳಿದರೆ, ಇಡೀ ಹೇರು ಓರೆಯಾಗಿ ನಿಲ್ಲುತ್ತದೆ. ಆಗ ಅದು ಪಕ್ಕಕ್ಕೆ ಜಾರುವುದೇ, ಇಲ್ಲವೆ ಮಗುಚಿ ಬೀಳುವುದೇ? ಇದನ್ನು ತಿಳಿಯಲು ಮೊದಲು ಒಂದು ಮರದ ತುಂಡನ್ನು ತೆಗೆದುಕೊಳ್ಳೋಣ.

ಒರಟಾದ ಹಲಗೆಯ ಮೇಲೆ ತುಂಡನ್ನು ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತೋಣ. ಇಳಿಜಾರಿನ ದಿಕ್ಕಿನಲ್ಲಿ ತುಂಡಿನ ತಳದ ಅಗಲ b, ಎತ್ತರ h, ತೂಕ W, ಹಲಗೆಯ ಓರೆ θ ಆಗಿರಲಿ. ತೂಕವನ್ನು ಎರಡು ಭಾಗಗಳಾಗಿ ಬಿಡಿಸಬಹುದು: ಹಲಗೆಯ ಉದ್ದಕ್ಕೆ ಕೆಳಮುಖವಾಗಿ W sin θ, ಹಲಗೆಗೆ ಲಂಬವಾಗಿ W cos θ. ಘರ್ಷಣೆಯು ಹೆಚ್ಚೆಂದರೆ μW cos θ ದಷ್ಟು ಮಾತ್ರ ತಡೆಯಬಲ್ಲದು. ಆದುದರಿಂದ tan θ ಬೆಲೆಯು ಘರ್ಷಣಾಂಕ μ ವನ್ನು ಮೀರಿದೊಡನೆ ತುಂಡು ಜಾರುತ್ತದೆ. ಇದು ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ನಿಯಮ.

ಉರುಳುವಿಕೆಯ ಲೆಕ್ಕ ಬೇರೆ. ತುಂಡು ಉರುಳುವುದಾದರೆ ತನ್ನ ಕೆಳಗಿನ ಅಂಚಿನ ಮೇಲೆಯೇ ಉರುಳಬೇಕು. ಆದಕಾರಣ ಆ ಅಂಚಿನ ಸುತ್ತ ಬಲಗಳ ಟಾರ್ಕನ್ನು, ಎಂದರೆ ತಿರುಗಿಸುವ ಪರಿಣಾಮವನ್ನು ಲೆಕ್ಕ ಹಾಕುತ್ತೇವೆ. ಉರುಳುವ ಕ್ಷಣದಲ್ಲಿ ಹಲಗೆಯು ತುಂಡನ್ನು ಮುಟ್ಟುವುದು ಈ ಅಂಚಿನಲ್ಲಿ ಮಾತ್ರ. ಘರ್ಷಣೆಯೂ ಲಂಬ ಪ್ರತಿಕ್ರಿಯೆಯೂ ಅಂಚಿನ ಮೂಲಕವೇ ಹಾಯುವುದರಿಂದ ಅವೆರಡರ ಟಾರ್ಕು ಸೊನ್ನೆ. ಉಳಿಯುವುದು ತೂಕವೊಂದೇ. ಗುರುತ್ವಕೇಂದ್ರವು ತುಂಡಿನ ನಡುವೆ ಇರುವುದರಿಂದ, W sin θ ಭಾಗವು h/2 ದೂರದಲ್ಲಿದ್ದು ತುಂಡನ್ನು ಉರುಳಿಸಲು ನೋಡುತ್ತದೆ. W cos θ ಭಾಗವು b/2 ದೂರದಲ್ಲಿದ್ದು ಅದನ್ನು ಹಲಗೆಗೆ ಒತ್ತಿ ಹಿಡಿಯುತ್ತದೆ. ಎರಡೂ ಸಮವಾದಾಗ tan θ = b/h ಆಗುತ್ತದೆ. ತೂಕವು ಎರಡು ಕಡೆಯಿಂದಲೂ ಹೊರಟುಹೋಯಿತೆಂಬುದನ್ನು ಗಮನಿಸಿರಿ.

ಈಗ ತೀರ್ಪು ಸುಲಭ. ಓರೆ ಮೆಲ್ಲಮೆಲ್ಲನೆ ಹೆಚ್ಚುವಾಗ μ, b/h ಇವೆರಡರಲ್ಲಿ ಯಾವುದು ಚಿಕ್ಕದೋ ಆ ಘಟನೆ ಮೊದಲು ನಡೆಯುತ್ತದೆ. ತಳ 10 ಸೆಂ.ಮೀ., ಎತ್ತರ 25 ಸೆಂ.ಮೀ., μ = 0.5 ಎಂದುಕೊಳ್ಳೋಣ. b/h = 0.4. ತುಂಡು ಸುಮಾರು 22 ಡಿಗ್ರಿಯಲ್ಲಿ ಉರುಳುತ್ತದೆ. ಜಾರಲು ಬೇಕಾದ 27 ಡಿಗ್ರಿಯವರೆಗೆ ಅದು ನಿಲ್ಲುವುದೇ ಇಲ್ಲ. ಅದೇ ತುಂಡನ್ನು ಮಲಗಿಸಿ, 25 ಸೆಂ.ಮೀ. ಬದಿಯನ್ನು ತಳವಾಗಿಸಿದರೆ b/h = 2.5. ಆಗ ಅದು 27 ಡಿಗ್ರಿಯಲ್ಲಿ ಜಾರುತ್ತದೆ, ಉರುಳುವುದಿಲ್ಲ.

ಉರುಳುವ ಮುನ್ನ ಒಳಗೆ ನಡೆಯುವುದೇನು? ಹಲಗೆಯ ಲಂಬ ಪ್ರತಿಕ್ರಿಯೆಯು ತಳದ ನಡುವೆಯೇ ಇರುವುದಿಲ್ಲ. ಓರೆ ಹೆಚ್ಚಿದಂತೆ ಕೆಳಗಿನ ಅಂಚಿನ ಕಡೆಗೆ (h/2) tan θ ದಷ್ಟು ಸರಿಯುತ್ತದೆ. ನಮ್ಮ ತುಂಡಿನಲ್ಲಿ 10 ಡಿಗ್ರಿಗೆ 2.2 ಸೆಂ.ಮೀ., 20 ಡಿಗ್ರಿಗೆ ಸುಮಾರು 4.5 ಸೆಂ.ಮೀ. ಸರಿದಿರುತ್ತದೆ. ನಡುವಿನಿಂದ ಅಂಚಿಗಿರುವ ದೂರ 5 ಸೆಂ.ಮೀ. ಮಾತ್ರ. ಅದಕ್ಕೂ ಆಚೆ ಸರಿಯಲು ಸ್ಥಳವಿಲ್ಲದಾಗ ತುಂಡು ಮಗುಚುತ್ತದೆ.

ಇನ್ನು ಟ್ರೇಲರಿಗೆ ಬರೋಣ. ಇಲ್ಲಿ ಕೆಳಬದಿಯ ಗಾಲಿಗಳು ನೆಲವನ್ನು ಮುಟ್ಟುವ ಗೆರೆಯೇ ಕೆಳಗಿನ ಅಂಚು. ಎಡಬಲ ಗಾಲಿಗಳ ಅಂತರ 1.6 ಮೀಟರ್ ಎಂದೂ, ಹೇರಿನ ಸಮೇತ ಗುರುತ್ವಕೇಂದ್ರ ನೆಲದಿಂದ 1.2 ಮೀಟರ್ ಮೇಲಿದೆಯೆಂದೂ ಭಾವಿಸೋಣ. tan θ = 0.8/1.2, ಮಗುಚುವ ಓರೆ ಸುಮಾರು 34 ಡಿಗ್ರಿ. ಕಬ್ಬನ್ನು ಇನ್ನೂ ಎತ್ತರಕ್ಕೆ ಒಟ್ಟಿ ಗುರುತ್ವಕೇಂದ್ರ 2 ಮೀಟರಿಗೇರಿದರೆ tan θ = 0.8/2, ಓರೆ 22 ಡಿಗ್ರಿಗಿಳಿಯುತ್ತದೆ. ಆಗ ಒಂದು ಬದಿಯ ಗಾಲಿಗಳು ಇನ್ನೊಂದು ಬದಿಗಿಂತ 60 ಸೆಂ.ಮೀ. ತಗ್ಗಿನಲ್ಲಿದ್ದರೆ ಸಾಕು, ಹೇರು ಮಗುಚುತ್ತದೆ. ಒಣನೆಲದಲ್ಲಿ ರಬ್ಬರಿನ ಘರ್ಷಣಾಂಕ ಸಾಮಾನ್ಯವಾಗಿ 0.4 ಕ್ಕಿಂತ ಹೆಚ್ಚು. ಆದುದರಿಂದ ಅದು ಜಾರುವ ಮೊದಲೇ ಉರುಳುತ್ತದೆ.

ನಿಜವಾದ ಹೇರು ಲೆಕ್ಕಕ್ಕಿಂತ ಮೊದಲೇ ಬೀಳಬಹುದು. ಓರೆಯಾದೊಡನೆ ಕೆಳಬದಿಯ ಟೈರು ಅಮುಕುತ್ತದೆ, ಮೆತ್ತನೆಯ ಮಣ್ಣಿನಲ್ಲಿ ಗಾಲಿ ಹೂಳುತ್ತದೆ, ಕಬ್ಬು ಕೆಳಬದಿಗೆ ವಾಲುತ್ತದೆ. ಇವೆಲ್ಲವೂ ಗುರುತ್ವಕೇಂದ್ರವನ್ನು ಅಂಚಿನ ಹತ್ತಿರಕ್ಕೆ ತರುತ್ತವೆ. ಕೆಸರಿನಲ್ಲಿ μ ಕಡಿಮೆಯಾಗಿ ಟ್ರೇಲರು ಜಾರತೊಡಗಿದರೂ ಅಪಾಯ ತಪ್ಪಿತೆನ್ನಲಾಗದು. ಜಾರುವ ಗಾಲಿಗೆ ಕಲ್ಲೊಂದು ಅಡ್ಡ ಬಂದರೆ ಜಾರಿಕೆ ಅಲ್ಲಿಗೇ ನಿಲ್ಲುತ್ತದೆ. ಹೇರು ಆ ವೇಗದಿಂದಲೇ ಮುಂದೆ ವಾಲಿ, ಕಡಿಮೆ ಓರೆಯಲ್ಲಿಯೂ ಮಗುಚಬಹುದು.

ಓದುಗರು ಹಲಗೆಯ ಮೇಲೆ ಬೆಂಕಿಪೊಟ್ಟಣವನ್ನು ನಿಲ್ಲಿಸಿಯೂ ಮಲಗಿಸಿಯೂ ಇದನ್ನು ಪರೀಕ್ಷಿಸಬಹುದು. ಕೆಳಗಿನ ಅಂಚಿಗೆ ಒಂದು ಮೊಳೆ ಹೊಡೆದು ಜಾರಿಕೆಯನ್ನು ತಡೆದರೆ, ಉಳಿಯುವುದು b/h ಒಂದೇ.