ಬಲ್ಬ್ ಉರಿದಾಗ ಸರಿ, ಮೋಟಾರ್ ತಿರುಗಿದಾಗ ತಪ್ಪು

ವಿದ್ಯುತ್ ಮೀಟರ್ ಸರಿಯಾಗಿ ಎಣಿಸುತ್ತಿದೆಯೇ ಎಂದು ತಿಳಿಯಬೇಕಾದರೆ, ಅದೇ ವಿದ್ಯುತ್ತನ್ನು ಅದಕ್ಕಿಂತ ಬಹಳ ನಿಖರವಾದ ಇನ್ನೊಂದು ಮೀಟರಿನಿಂದಲೂ ಅಳೆದು ಎರಡರ ಲೆಕ್ಕವನ್ನು ಹೋಲಿಸಬೇಕು. ಈ ಎರಡನೆಯದೇ ರೆಫರೆನ್ಸ್ ಮೀಟರ್. ಭಾರತದಲ್ಲಿ 650 ವೋಲ್ಟ್‌ವರೆಗಿನ ಗ್ರಾಹಕರ ಮೀಟರ್ 1.0 ಅಥವಾ ಅದಕ್ಕಿಂತ ಉತ್ತಮ ದರ್ಜೆಯದಾಗಿರಬೇಕು. ಎಂದರೆ, ಬಳಕೆಯ ಮುಖ್ಯ ವ್ಯಾಪ್ತಿಯಲ್ಲಿ ಅದರ ದೋಷ ಹೆಚ್ಚೂ ಕಡಿಮೆ ಶೇ. 1ನ್ನು ದಾಟಬಾರದು. ಅದನ್ನು ಅಳೆಯುವ ರೆಫರೆನ್ಸ್ ಮೀಟರಿನ ದೋಷ ಇದರ ಹತ್ತನೇ ಒಂದು ಪಾಲಿಗಿಂತ ಹೆಚ್ಚಿರದಂತೆ ನೋಡಿಕೊಳ್ಳುವುದು ವಾಡಿಕೆ.

ಪ್ರಯೋಗಾಲಯದ ಟೆಸ್ಟ್ ಬೆಂಚಿನಲ್ಲಿ ಬಲ್ಬಾಗಲಿ ಮೋಟಾರಾಗಲಿ ಇರುವುದಿಲ್ಲ. ಮೀಟರಿನ ವೋಲ್ಟೇಜ್ ಭಾಗಕ್ಕೆ ಒಂದು ಮೂಲದಿಂದ 240 ವೋಲ್ಟ್, ಕರೆಂಟ್ ಭಾಗಕ್ಕೆ ಇನ್ನೊಂದು ಮೂಲದಿಂದ ಬೇಕಾದಷ್ಟು ಆಂಪಿಯರ್ ಕೊಡುತ್ತಾರೆ. ನಿಜವಾದ ಲೋಡ್ ಇಲ್ಲದಿದ್ದರೂ ಮೀಟರಿಗೆ ಇದ್ದಂತೆಯೇ ತೋರುತ್ತದೆ. ಎರಡು ಮೂಲಗಳ ನಡುವಿನ ಕೋನವನ್ನು ಬದಲಿಸಿದರೆ ಪವರ್ ಫ್ಯಾಕ್ಟರ್ ಕೂಡ ಬದಲಾಗುತ್ತದೆ.

ಮೀಟರಿನ ಮೇಲೆ ಮಿನುಗುವ ಕೆಂಪು ಎಲ್ಇಡಿಯೇ ಈ ಪರೀಕ್ಷೆಯ ಕಣ್ಣು. ಯೂನಿಟ್ ಅಂಕಿ ಬದಲಾಗಲು ಬಹಳ ಹೊತ್ತು ಬೇಕು, ಮಿನುಗಿಗೆ ಅಷ್ಟು ಬೇಡ. 5–30 ಆಂಪಿಯರಿನ ಸಿಂಗಲ್ ಫೇಸ್ ಮೀಟರಿನ ಮೇಲೆ ‘3200 imp/kWh’ ಎಂದು ಬರೆದಿದ್ದರೆ, ಒಂದು ಯೂನಿಟ್‌ಗೆ 3200 ಮಿನುಗು, ಒಂದು ಮಿನುಗಿಗೆ 0.3125 ವ್ಯಾಟ್-ಅವರ್. ಮೂಲ ಕರೆಂಟ್ ಆದ 5 ಆಂಪಿಯರಿನಲ್ಲಿ, ಪವರ್ ಫ್ಯಾಕ್ಟರ್ 1 ಇದ್ದಾಗ, 1200 ವ್ಯಾಟ್ ಹರಿದು ಹತ್ತು ಮಿನುಗುಗಳು ಸುಮಾರು 9.4 ಸೆಕೆಂಡಿನಲ್ಲಿ ಮುಗಿಯುತ್ತವೆ. ಮೀಟರಿನ ಲೆಕ್ಕದಲ್ಲಿ ಅದು 3.125 ವ್ಯಾಟ್-ಅವರ್. ಅಷ್ಟೇ ಹೊತ್ತಿನಲ್ಲಿ ರೆಫರೆನ್ಸ್ 3.131 ತೋರಿಸಿದರೆ ಮೀಟರ್ ಶೇ. 0.2ರಷ್ಟು ನಿಧಾನ, ಅಂದರೆ ದೋಷ −0.2.

ಒಂದೇ ಲೋಡಿನಲ್ಲಿ ಸರಿಯಿದ್ದರೆ ಸಾಲದು. 30 ಆಂಪಿಯರಿನಲ್ಲಿ ಒಳಗಿನ ಭಾಗಗಳು ಬಿಸಿಯಾಗುತ್ತವೆ; 0.25 ಆಂಪಿಯರಿನಲ್ಲಿ ಸಂಕೇತ ತೀರಾ ಚಿಕ್ಕದಾಗಿ, ಸಣ್ಣ ಅಡಚಣೆಯೂ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಮೂಲ ಕರೆಂಟಿನ ಶೇ. 5ರ ಲೋಡಿನಲ್ಲಿ ಶೇ. 1.5ರವರೆಗಿನ ದೋಷಕ್ಕೆ ಅವಕಾಶವಿದೆ. ಅಲ್ಲಿ ಹತ್ತು ಮಿನುಗುಗಳಿಗೆ ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಅವಸರದ ಪರೀಕ್ಷೆಗಳು ಸಾಮಾನ್ಯವಾಗಿ ಕೈಬಿಡುವುದು ಇದೇ ಹಂತವನ್ನು.

ಪವರ್ ಫ್ಯಾಕ್ಟರಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ತಂತಿ ಬಲ್ಬಿನಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಜೊತೆಯಾಗಿ ಏರಿಳಿಯುತ್ತವೆ. ಮೋಟಾರಿನಲ್ಲಿ ಕರೆಂಟ್ ಹಿಂದೆ ಬೀಳುತ್ತದೆ, ಇದೇ ‘ಲ್ಯಾಗ್’. ಹಿಂದೆ ಬಿದ್ದ ಕೋನ 60 ಡಿಗ್ರಿ ಇದ್ದರೆ ಪವರ್ ಫ್ಯಾಕ್ಟರ್ 0.5. ಮೀಟರಿನೊಳಗೆ ಕರೆಂಟ್ ಅಳೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ಈ ಕೋನವನ್ನೇ ಕೊಂಚ ತಪ್ಪಾಗಿ ತೋರಿಸಬಹುದು. ಅರ್ಧ ಡಿಗ್ರಿಯ ತಪ್ಪು ಎಂದಿಟ್ಟುಕೊಳ್ಳೋಣ. ಪವರ್ ಫ್ಯಾಕ್ಟರ್ 1ರಲ್ಲಿ ಅದರ ಪರಿಣಾಮ ಇಲ್ಲವೆಂದೇ ಹೇಳಬಹುದು. 0.5 ಲ್ಯಾಗ್‌ನಲ್ಲಿ ಅದೇ ತಪ್ಪು ಶೇ. 1.5ರಷ್ಟಾಗುತ್ತದೆ. ಕರೆಂಟ್ ಮುಂದಿರುವ 0.8 ಲೀಡ್‌ನಲ್ಲಿ ಶೇ. 0.65ರಷ್ಟು, ಅದೂ ವಿರುದ್ಧ ದಿಕ್ಕಿಗೆ.

ಮೇಲಿನ ಮೀಟರಿಗೇ ಇಂಥ ಸಿಟಿ ಇದ್ದರೆ ಫಲಿತಾಂಶ ಹೀಗಿರುತ್ತದೆ: ಪವರ್ ಫ್ಯಾಕ್ಟರ್ 1ರಲ್ಲಿ −0.2, 0.8 ಲೀಡ್‌ನಲ್ಲಿ −0.85, 0.5 ಲ್ಯಾಗ್‌ನಲ್ಲಿ +1.3. ಮೊದಲ ಎರಡರಲ್ಲಿ ಪಾಸು, ಮೂರನೆಯದರಲ್ಲಿ ಫೇಲು. ಮೊದಲನೆಯದನ್ನಷ್ಟೇ ನೋಡಿದವರು ಇದನ್ನು ಒಳ್ಳೆಯ ಮೀಟರ್ ಎಂದೇ ಬರೆದುಕೊಡುತ್ತಾರೆ.

ರೋಗ ಯಾವುದೆಂದು ಹೇಳುವುದೂ ಈ ಅಂಕಿಗಳ ವಿನ್ಯಾಸವೇ. ಎಲ್ಲ ಕಡೆಯೂ ಒಂದೇ ದೋಷ ಬಂದರೆ ಮೀಟರಿನ ಹೊಂದಾಣಿಕೆ ತಪ್ಪಿದೆ, ಅದನ್ನು ಸರಿಪಡಿಸುವುದು ಸುಲಭ. ಲ್ಯಾಗ್ ಮತ್ತು ಲೀಡ್‌ಗಳಲ್ಲಿ ವಿರುದ್ಧ ದಿಕ್ಕಿಗೆ ಹೋದರೆ ತಪ್ಪಿರುವುದು ಕೋನದಲ್ಲಿ. ಅಂಕಿಗಳು ಪ್ರತಿ ಸಲವೂ ಬೇರೆ ಬೇರೆ ಬರುತ್ತಿದ್ದರೆ ಮೀಟರನ್ನು ದೂರುವ ಮೊದಲು ಸಡಿಲ ತಂತಿಯನ್ನೂ, ಮಿನುಗು ಎಣಿಸುವ ಸೆನ್ಸರಿನ ಮೇಲೆ ಹೊರಗಿನ ಬೆಳಕು ಬೀಳುತ್ತಿದೆಯೇ ಎಂಬುದನ್ನೂ ನೋಡಬೇಕು.

ಮನೆ ಬಾಗಿಲಿಗೆ ತರುವ ಕೈ ಉಪಕರಣಕ್ಕೆ ಈ ಸೌಲಭ್ಯಗಳೆಲ್ಲ ಇರುವುದಿಲ್ಲ. ಆಗ ಮನೆಯಲ್ಲಿ ಇರುವ ಲೋಡೇ ಪರೀಕ್ಷೆಯ ಲೋಡ್. ಹೀಟರ್ ಹಾಕಿ ನೋಡಿದರೆ ತಿಳಿಯುವುದು ಪವರ್ ಫ್ಯಾಕ್ಟರ್ 1ರ ದೋಷ ಮಾತ್ರ. ಉಪಕರಣದ ಕ್ಲ್ಯಾಂಪಿಗೂ ತನ್ನದೇ ಕೋನದ ತಪ್ಪಿರುತ್ತದೆ. ದವಡೆ ಪೂರ್ತಿ ಮುಚ್ಚದಿದ್ದರೆ ಅದು ಇನ್ನೂ ಹೆಚ್ಚು. ಮೋಟಾರ್ ನಡೆಸುವವರು ಮೀಟರ್ ಪರೀಕ್ಷೆಗೆ ಅರ್ಜಿ ಕೊಟ್ಟಿದ್ದರೆ, ವರದಿ ಕೈಗೆ ಬಂದಾಗ ಅದರಲ್ಲಿ 0.5 ಲ್ಯಾಗ್‌ನ ಸಾಲು ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.