ಕಾಲು ಚಮಚ ಸರಿ, ಯಾವ ಚಮಚ?

ಮಂಗಳೂರು ಬನ್ಸ್ ಮಾಡುವ ವಿಧಾನ ಬರೆದಿಟ್ಟ ಚೀಟಿಗಳಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಸಾಲು ಕಾಣಸಿಗುತ್ತದೆ: '1/4 ಟೀ.ಚ. ಸೋಡಾ'. ಬರೆದವರಿಗೆ ಅದರಲ್ಲಿ ಗೊಂದಲವೇನೂ ಇಲ್ಲ. ಅದೇ ಚೀಟಿಗೆ ನಾಲ್ಕು ಕಡೆ ಎಣ್ಣೆ ತಾಗಿ, ಮಡಿಕೆ ಬಿದ್ದು, ಸೊಸೆಯ ಕೈಗೋ ಮಗನ ಕೈಗೋ ಬಂದಾಗ ಪ್ರಶ್ನೆ ಶುರುವಾಗುತ್ತದೆ. ಅದು ಟೀ.ಚ. ಇರಬಹುದೇ, ಟೇ.ಚ. ಇರಬಹುದೇ? ಗೆರೆಯ ಕೆಳಗಿರುವುದು 4 ಇರಬಹುದೇ, 2 ಇರಬಹುದೇ?

ಟೀ ಚಮಚವೆಂದರೆ 5 ಮಿ.ಲೀ., ಟೇಬಲ್ ಚಮಚವೆಂದರೆ 15 ಮಿ.ಲೀ. ಕಾಲು ಟೀ ಚಮಚ ಸೋಡಾ ಎಂದರೆ ಒಂದೂಕಾಲು ಮಿ.ಲೀ. ಮಾತ್ರ. 'ಟೀ'ಯನ್ನು 'ಟೇ' ಎಂದು ಓದಿಕೊಂಡರೆ ಸೋಡಾ ಮೂರು ಪಟ್ಟಾಗುತ್ತದೆ. ಜೊತೆಗೆ ಕಾಲನ್ನೂ ಅರ್ಧವೆಂದು ಓದಿದರೆ ಆರು ಪಟ್ಟು. ಸಕ್ಕರೆಯಲ್ಲೋ ಜೀರಿಗೆಯಲ್ಲೋ ಇಷ್ಟು ವ್ಯತ್ಯಾಸವಾದರೂ ತಿಂಡಿಯನ್ನು ತಿನ್ನಬಹುದು. ಸೋಡಾದಲ್ಲಿ ಆಗದು. ಬಾಳೆಹಣ್ಣು ಮತ್ತು ಮೊಸರಿನ ಹುಳಿ ಸ್ವಲ್ಪ ಸೋಡಾವನ್ನಷ್ಟೇ ಅರಗಿಸಿಕೊಂಡು ಹಿಟ್ಟನ್ನು ಉಬ್ಬಿಸಬಲ್ಲದು. ಉಳಿದ ಸೋಡಾ ಹಿಟ್ಟಿನಲ್ಲೇ ಇರುತ್ತದೆ. ಆಗ ಬನ್ಸ್ ಎಣ್ಣೆಗೆ ಬಿದ್ದ ಕೂಡಲೇ ಹೊರಗೆ ಕಂದಾಗುತ್ತದೆ, ಒಳಗೆ ಇನ್ನೂ ಬೆಂದಿರುವುದಿಲ್ಲ. ಬಾಯಿಗಿಟ್ಟರೆ ಸಾಬೂನಿನಂಥ ಒಗರು. ಹಣ್ಣು ಕೆಟ್ಟಿತ್ತೆಂದೋ ಎಣ್ಣೆ ಸರಿಯಿಲ್ಲವೆಂದೋ ಅಂದುಕೊಳ್ಳುವ ಮೊದಲು ಚೀಟಿಯ ಆ ಸಾಲನ್ನು ಇನ್ನೊಮ್ಮೆ ನೋಡಬೇಕು.

ಚಮಚದ ಹೆಸರನ್ನು ಮೊಟಕು ಮಾಡಿ ಬರೆಯುವುದರಿಂದಲೇ ತೊಂದರೆಯ ಬಹುಪಾಲು ಹುಟ್ಟುತ್ತದೆ. ಟೀ, ಟೇ ಎರಡರ ನಡುವೆ ಇರುವುದು ತಲೆಯ ಮೇಲಿನ ಗುಡಿಸು–ಏತ್ವದ ಅಂತರ. ಅವಸರದ ಬರಹದಲ್ಲಿ ಅದು ಉಳಿಯುವುದಿಲ್ಲ. ಬರೀ 'ಚ.' ಎಂದು ಬರೆದರಂತೂ ಓದುವವರು ಕೈಗೆ ಸಿಕ್ಕ ಚಮಚವನ್ನೇ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರೂ ಸುಖವಾಗಿಲ್ಲ. ಅಲ್ಲಿ ಕೆಲವರು ಸಣ್ಣ ಚಮಚಕ್ಕೆ t, ದೊಡ್ಡದಕ್ಕೆ T ಎಂದು ಬರೆದು ಇದೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಚೀಟಿಯಲ್ಲಿ 'ಸಣ್ಣ ಚಮಚ', 'ದೊಡ್ಡ ಚಮಚ' ಎಂದು ಪೂರ್ತಿ ಬರೆಯುವುದೇ ಒಳ್ಳೆಯದು. ಎಷ್ಟೇ ಕೆಟ್ಟ ಕೈಬರಹವಾದರೂ ಈ ಎರಡು ಪದ ಒಂದರಂತೆ ಒಂದು ಕಾಣುವುದಿಲ್ಲ. ಆದರೆ ದೊಡ್ಡ ಚಮಚವೆಂದರೆ ಕೆಲವರ ಮನೆಯಲ್ಲಿ ಸಾರು ಬಡಿಸುವ ಸೌಟೂ ಆಗಬಹುದು. ಹಾಗಾಗಿ ಚೀಟಿಯ ತಲೆಯಲ್ಲಿ ಒಮ್ಮೆ ಮಿ.ಲೀ. ಲೆಕ್ಕ ಕೊಟ್ಟುಬಿಡಬೇಕು. ಆಸ್ಟ್ರೇಲಿಯಾದಲ್ಲಿರುವ ನಂಟರಿಗೆ ಚೀಟಿ ಕಳಿಸುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಟೇಬಲ್ ಚಮಚ 20 ಮಿ.ಲೀ., ನಮ್ಮ ಲೆಕ್ಕದ ನಾಲ್ಕು ಸಣ್ಣ ಚಮಚ.

ಇನ್ನು ಭಿನ್ನರಾಶಿ. '1 1/2 ಕಪ್' ಎಂದು ಬರೆದಾಗ ನಡುವಿನ ಜಾಗವೇ ಅರ್ಥವನ್ನು ಹಿಡಿದಿರುತ್ತದೆ. ಮೊಬೈಲಿನಲ್ಲಿ ಒತ್ತುವಾಗ ಆ ಜಾಗ ತಪ್ಪಿದರೆ 11/2, ಅಂದರೆ ಐದೂವರೆ. ಸಾಲಿನ ಕೊನೆಯಲ್ಲಿ 1 ನಿಂತು 1/2 ಕೆಳಗಿನ ಸಾಲಿಗೆ ಇಳಿದರೆ ಓದುವವರು ಅರ್ಧ ಕಪ್ಪನ್ನಷ್ಟೇ ಹಾಕುತ್ತಾರೆ. ಓರೆಗೆರೆಯ ಬದಲು ಅಡ್ಡಗೆರೆ ಹಾಕಿ '1-2 ಚಮಚ' ಎಂದರೆ ಅರ್ಧವೋ, ಒಂದೆರಡೋ ತಿಳಿಯದು. ½ ಎಂಬ ಒಂಟಿ ಚಿಹ್ನೆ ಬಳಸಿದರೆ ಜಾಗದ ತೊಂದರೆ ತಪ್ಪುತ್ತದೆ, ಆದರೆ ಅದರ ಅಂಕಿಗಳು ಇರುವೆಯಷ್ಟು ಸಣ್ಣ. ಜೆರಾಕ್ಸ್ ಆದಮೇಲೆ ½ ಯಾವುದು, ¼ ಯಾವುದು ಎಂದು ಹೇಳುವುದು ಕಷ್ಟ.

ಕನ್ನಡದಲ್ಲಿ ಅಚ್ಚು ಹಾಕಿಸುವವರಿಗೆ ಇನ್ನೊಂದು ಅಪಾಯವಿದೆ. ಯೂನಿಕೋಡ್ ಬರುವುದಕ್ಕೆ ಮೊದಲಿನ ನುಡಿ ಫಾಂಟುಗಳಲ್ಲಿ ½ ಚಿಹ್ನೆಯ ಸ್ಥಾನದಲ್ಲಿ ಕೂತಿರುವುದು 'ಳಿ' ಅಕ್ಷರ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದರೆ 'ತಿಳಿ' ಎಂಬುದು `w½` ಎಂದು ಕಾಣುವುದು ಇದೇ ಕಾರಣಕ್ಕೆ. ಬೇರೆಡೆಯಿಂದ ತಂದ '½ ಚಮಚ'ಕ್ಕೆ ಆ ಫಾಂಟ್ ಹಚ್ಚಿದರೆ ಅದು 'ಳಿ ಚಮಚ' ಆಗಿ ಕೂರಬಹುದು. ಕರಡು ತಿದ್ದುವವರು ಅದನ್ನು ಅಚ್ಚಿನ ತಪ್ಪೆಂದು ತೆಗೆದುಹಾಕಿದರೆ ಅಳತೆಯೇ ಮಾಯ.

ಇಷ್ಟೆಲ್ಲ ಪಾಡಿಗೆ ನಮ್ಮಲ್ಲಿ ಮದ್ದು ಮೊದಲಿನಿಂದಲೂ ಇದೆ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ ಎಂದು ದಿನಸಿ ಅಂಗಡಿಯಲ್ಲಿ ಕೇಳಿದಂತೆಯೇ ಬರೆದರಾಯಿತು. ಒಂದೂವರೆ ಒಂದೇ ಪದ, ಅದು ಎರಡು ಸಾಲಿಗೆ ಒಡೆಯುವುದಿಲ್ಲ. ಮೂರನೇ ಒಂದು ಭಾಗಕ್ಕೆ ಮಾತ್ರ ದಿನಬಳಕೆಯಲ್ಲಿ ಇಷ್ಟು ಚಿಕ್ಕ ಪದವಿಲ್ಲ. 1/3 ಕಪ್ ಬೇಕಾದಲ್ಲಿ '80 ಮಿ.ಲೀ.' ಎಂದು ಪಕ್ಕದಲ್ಲಿ ಬರೆಯುವುದು ಕ್ಷೇಮ.

ಕಪ್ಪಿನ ವಿಷಯ ಬೇರೆ. ಇಡ್ಲಿಗೆ ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಎಂದರೆ ಯಾವ ಲೋಟವಾದರೂ ನಡೆಯುತ್ತದೆ. ಎರಡನ್ನೂ ಅದರಲ್ಲೇ ಅಳೆದರೆ ಪ್ರಮಾಣ ಕೆಡುವುದಿಲ್ಲ. ಬನ್ಸಿನಲ್ಲಿ ಹಾಗಲ್ಲ. ಮೈದಾಕ್ಕೆ ಕಪ್, ಸೋಡಾಕ್ಕೆ ಚಮಚ. ರೈಸ್ ಕುಕ್ಕರಿನ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿ.ಲೀ., ಅಳತೆ ಕಪ್ಪುಗಳು 240 ಅಥವಾ 250. ಕುಕ್ಕರ್ ಕಪ್ಪಿನಲ್ಲಿ ಮೈದಾ ಅಳೆದರೆ ಹಿಟ್ಟು ಕಾಲು ಭಾಗ ಕಡಿಮೆಯಾಗುತ್ತದೆ, ಸೋಡಾ ಅಷ್ಟೇ ಇರುತ್ತದೆ.

ಇದನ್ನೆಲ್ಲ ಗಮನಿಸಿ ಆ ಚೀಟಿಯನ್ನು ಮತ್ತೆ ಬರೆದರೆ ಹೀಗಾಗುತ್ತದೆ:

ಮಂಗಳೂರು ಬನ್ಸ್
ಕಪ್ = 240 ಮಿ.ಲೀ. ಸಣ್ಣ ಚಮಚ = 5 ಮಿ.ಲೀ. ದೊಡ್ಡ ಚಮಚ = 15 ಮಿ.ಲೀ.
ಎಲ್ಲ ಅಳತೆಯೂ ತಲೆ ಸವರಿ.
ಮೈದಾ: ಎರಡು ಕಪ್
ಚೆನ್ನಾಗಿ ಕಳಿತ ಬಾಳೆಹಣ್ಣು: ದೊಡ್ಡದು ಒಂದು
ಸಕ್ಕರೆ: ಮೂರು ದೊಡ್ಡ ಚಮಚ
ಹುಳಿ ಮೊಸರು: ಕಾಲು ಕಪ್ (ನಾಲ್ಕು ದೊಡ್ಡ ಚಮಚ)
ಉಪ್ಪು: ಅರ್ಧ ಸಣ್ಣ ಚಮಚ
ಜೀರಿಗೆ: ಅರ್ಧ ಸಣ್ಣ ಚಮಚ
ಅಡುಗೆ ಸೋಡಾ: ಕಾಲು ಸಣ್ಣ ಚಮಚ

ತಲೆ ಸವರಿ ಎಂದರೆ ಚಮಚ ತುಂಬಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಒಮ್ಮೆ ಎಳೆದುಬಿಡುವುದು. ಗೋಪುರದಂತೆ ಎದ್ದ ಕಾಲು ಚಮಚ ಸುಲಭವಾಗಿ ಅರ್ಧಕ್ಕೆ ಹತ್ತಿರವಾಗುತ್ತದೆ. ಮೊಸರಿಗೆ ಎರಡು ಲೆಕ್ಕ ಕೊಟ್ಟಿದ್ದೂ ಸುಮ್ಮನೆ ಅಲ್ಲ. ಒಂದು ಅಳಿಸಿಹೋದರೂ ಇನ್ನೊಂದು ಉಳಿಯುತ್ತದೆ, ಎರಡೂ ತಾಳೆಯಾಗದಿದ್ದರೆ ನಕಲು ಮಾಡುವಾಗ ತಪ್ಪಿದೆಯೆಂದು ತಿಳಿಯುತ್ತದೆ.

ಒಂದೇ ಕಪ್ ಮೈದಾಕ್ಕೆ ಮಾಡುವಾಗ ಸೋಡಾ ಕಾಲಿನ ಅರ್ಧ, ಅಂದರೆ ಅರೆಕಾಲು ಸಣ್ಣ ಚಮಚ. ಬಹುಪಾಲು ಅಳತೆ ಚಮಚಗಳ ಕಟ್ಟಿನಲ್ಲಿ ಅತಿ ಸಣ್ಣದು ಕಾಲು ಚಮಚವೇ. ಅದನ್ನು ತುಂಬಿಸಿ ತಲೆ ಸವರಿ, ಒಂದು ಕಾಗದದ ಮೇಲೆ ಸುರಿದು, ಚಾಕುವಿನಿಂದ ನಡುವೆ ಎರಡು ಪಾಲು ಮಾಡಿ ಒಂದನ್ನು ಡಬ್ಬಿಗೆ ಹಾಕಿದರೆ ಲೆಕ್ಕ ಸರಿ. 1/8 ಎಂದು ಬರೆಯುವುದಕ್ಕಿಂತ 'ಕಾಲು ಸಣ್ಣ ಚಮಚದ ಅರ್ಧ' ಎಂದು ಬರೆದರೆ ಮಾಡುವ ಬಗೆಯೂ ಅದರಲ್ಲೇ ಬರುತ್ತದೆ.

ಬಾಳೆಹಣ್ಣನ್ನು ಮಾತ್ರ ಯಾವ ಚಮಚವೂ ಹಿಡಿದಿಡಲಾರದು. ಒಂದು ಹಣ್ಣಿನಲ್ಲಿರುವ ನೀರಿನಂಶ ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ ಚೀಟಿಯ ಕೊನೆಯಲ್ಲಿ ಅಂಕಿಯ ಬದಲು ಕೈಗೆ ತಿಳಿಯುವ ಗುರುತು ಬರೆದಿಡಬೇಕು: ಹಣ್ಣು, ಸಕ್ಕರೆ, ಮೊಸರು ಕಿವುಚಿದಮೇಲೆ ಹಿಡಿಸುವಷ್ಟೇ ಮೈದಾ ಹಾಕಿ ನಾದಬೇಕು, ನೀರು ಬೇಡ, ಹಿಟ್ಟು ಚಪಾತಿಯದ್ದಕ್ಕಿಂತ ಮೆತ್ತಗೆ, ಬೆರಳಿಗೆ ತುಸು ಅಂಟುವ ಹಾಗಿರಬೇಕು, ಮುಚ್ಚಿಟ್ಟು ಮೂರು ನಾಲ್ಕು ಗಂಟೆ ಬಿಡಬೇಕು.